ಉಪ್ಪು ಅಗ್ಗ, ಬ್ಯಾಟರಿ?

ಸೋಡಿಯಂ ಬ್ಯಾಟರಿಯ ಸುದ್ದಿ ಬಂದಾಗಲೆಲ್ಲ ಅದರ ಜೊತೆಗೊಂದು ಹಿಡಿ ಉಪ್ಪಿನ ಚಿತ್ರವೂ ಬರುತ್ತದೆ. ಲಿಥಿಯಂ ಅಪರೂಪ, ದುಬಾರಿ, ದೂರದ ದೇಶದ್ದು. ಸೋಡಿಯಂ ಅಂದರೆ ಅಡುಗೆಮನೆಯ ಭರಣಿಯಲ್ಲಿರುವ ವಸ್ತು. ಆದ್ದರಿಂದ ಸೋಡಿಯಂ ಬ್ಯಾಟರಿ ಅಗ್ಗವಾಗಲೇಬೇಕು ಎಂಬ ತರ್ಕ ನೇರವಾಗಿದೆ, ಕೇಳಲೂ ಇಂಪಾಗಿದೆ. ಭೂಮಿಯ ಹೊರಪದರದಲ್ಲಿ ಸೋಡಿಯಂ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಿದ್ದರೆ ಲಿಥಿಯಂ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲಿನಷ್ಟಿದೆ ಎಂಬುದೂ ನಿಜ. ಹಾಗಿದ್ದೂ ಈ ಹೊತ್ತಿಗೆ ಮಾರುಕಟ್ಟೆಯಲ್ಲಿ ಸಿಗುವ ಸೋಡಿಯಂ ಸೆಲ್ಲು, ಅಷ್ಟೇ ವಿದ್ಯುತ್ ಹಿಡಿಯುವ ಲಿಥಿಯಂ ಸೆಲ್ಲಿಗಿಂತ ಅಗ್ಗವಾಗಿಲ್ಲ. ಹೀಗೇಕಾಯಿತು, ಮತ್ತು ಹೀಗಿದ್ದರೂ ವಿದ್ಯುತ್ ಜಾಲದ ಸಂಗ್ರಹಕ್ಕೆ ಸೋಡಿಯಂ ಏಕೆ ಬೇಕಾಗಬಹುದು ಎಂಬುದನ್ನು ಇಂದು ನೋಡೋಣ. ನನ್ನ ವಾದ ಇಷ್ಟು: ಸೋಡಿಯಂನ ಲಾಭವನ್ನು ಉಪ್ಪಿನ ಬೆಲೆಯಲ್ಲಿ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಅದು ಇರುವುದು ಬ್ಯಾಟರಿಯ ಸುತ್ತ ಕಟ್ಟಿಕೊಂಡ ತಂಪಿನ, ಬಿಸಿಯ ಯಂತ್ರಗಳಲ್ಲಿ.

ಮೊದಲು ಎರಡೂ ಬ್ಯಾಟರಿಗಳ ಹೊಟ್ಟೆಯೊಳಗೆ ಇಣುಕೋಣ. ಎರಡರಲ್ಲೂ ಒಂದು ಧನಧ್ರುವ, ಒಂದು ಋಣಧ್ರುವ, ನಡುವೆ ತೆಳುವಾದ ಪರದೆ, ಎಲ್ಲವನ್ನೂ ತೋಯಿಸುವ ದ್ರಾವಣ. ಚಾರ್ಜ್ ಮಾಡುವಾಗ ಅಯಾನುಗಳು ಧನಧ್ರುವದಿಂದ ಹೊರಟು ಋಣಧ್ರುವದೊಳಗೆ ಹೋಗಿ ಕೂರುತ್ತವೆ, ವಿದ್ಯುತ್ ಬಳಸುವಾಗ ಹಿಂದಿರುಗುತ್ತವೆ. ಲಿಥಿಯಂ ಮಾಡುವ ಈ ಓಡಾಟವನ್ನೇ ಸೋಡಿಯಂ ಮಾಡುತ್ತದೆ. ಯಂತ್ರಗಳೂ ಬಹುಪಾಲು ಅವೇ. ಆದರೆ ಸೋಡಿಯಂ ದಪ್ಪನೆಯ ಪ್ರಯಾಣಿಕ. ಅದರ ಪರಮಾಣು ಲಿಥಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ತೂಕದ್ದು, ಅಯಾನು ಕೂಡ ಗಾತ್ರದಲ್ಲಿ ದೊಡ್ಡದು. ಲಿಥಿಯಂ ಬ್ಯಾಟರಿಯ ಋಣಧ್ರುವದಲ್ಲಿರುವ ಗ್ರಾಫೈಟಿನ ಪದರಗಳ ನಡುವೆ ಅದು ಸಲೀಸಾಗಿ ನೆಲೆಯೂರುವುದೂ ಇಲ್ಲ. ಅದಕ್ಕಾಗಿ ಹಾರ್ಡ್ ಕಾರ್ಬನ್ ಎಂಬ, ಪದರಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ, ಸಣ್ಣ ಸಣ್ಣ ಪೊಳ್ಳುಗಳಿರುವ ಬೇರೆ ಇಂಗಾಲ ಬೇಕು. ಇದಕ್ಕೆ ಬದಲಾಗಿ ಒಂದು ಅನುಕೂಲವೂ ಸಿಗುತ್ತದೆ. ಲಿಥಿಯಂ ಋಣಧ್ರುವದಲ್ಲಿ ಅಲ್ಯೂಮಿನಿಯಂ ಜೊತೆ ಬೆರೆತು ಅದನ್ನು ಹಾಳುಗೆಡವುವುದರಿಂದ ಅಲ್ಲಿ ತಾಮ್ರದ ಹಾಳೆಯನ್ನೇ ಹಾಕಬೇಕು. ಸೋಡಿಯಂ ಹಾಗೆ ಬೆರೆಯುವುದಿಲ್ಲ, ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಹಾಳೆ ಸಾಕು.

ಈಗ ಲೆಕ್ಕಕ್ಕೆ ಬರೋಣ. ಜಾಲದ ಸಂಗ್ರಹಕ್ಕೆ ಹೆಚ್ಚಾಗಿ ಬಳಸುವುದು ಕಬ್ಬಿಣ ಮತ್ತು ಫಾಸ್ಫೇಟು ಸೇರಿದ ಲಿಥಿಯಂ ಬ್ಯಾಟರಿಯನ್ನು. ಸೋಡಿಯಂನ ನಿಜವಾದ ಎದುರಾಳಿ ಇದೇ. ಒಂದು ಯೂನಿಟ್ ವಿದ್ಯುತ್ ಹಿಡಿಯುವಷ್ಟು ಇಂಥ ಸೆಲ್ಲು ಮಾಡಲು ಸುಮಾರು 600 ಗ್ರಾಂ ಲಿಥಿಯಂ ಕಾರ್ಬೊನೇಟ್ ಬೇಕು. 2022ರ ಕೊನೆಯಲ್ಲಿ ಚೀನಾದಲ್ಲಿ ಇದರ ಬೆಲೆ ಟನ್ನಿಗೆ ಸುಮಾರು 6 ಲಕ್ಷ ಯುವಾನಿಗೆ ಮುಟ್ಟಿತ್ತು. ಅಂದರೆ ಒಂದು ಯೂನಿಟ್ಟಿಗೆ ಲಿಥಿಯಂ ಖರ್ಚೇ 360 ಯುವಾನ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಮೇಲೆ. ಆಗ ಸೋಡಿಯಂನ ಪರ ಮಾತಾಡಿದವರ ವಾದ ಗಟ್ಟಿಯಾಗಿಯೇ ಇತ್ತು. ಸೋಡಿಯಂ ಕಾರ್ಬೊನೇಟ್ ಎಂದರೆ ಬಟ್ಟೆ ಸೋಡಾ, ಗಾಜಿನ ಕಾರ್ಖಾನೆಗಳು ಲಾರಿಗಟ್ಟಲೆ ಕೊಳ್ಳುವ ಸರಕು. ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ ಎನ್ನಬಹುದು. ಆದರೆ ಆ ಬೆಲೆ ನಿಲ್ಲಲಿಲ್ಲ. ಗಣಿಗಳು ಹೆಚ್ಚಿದವು, 2025ರ ನಡುವಿನ ಹೊತ್ತಿಗೆ ಟನ್ನಿಗೆ 60 ಸಾವಿರ ಯುವಾನಿನ ಆಸುಪಾಸಿಗೆ ಬಂತು. 360 ಇದ್ದದ್ದು 36 ಆಯಿತು. ಅದೇ ಕಾಲಕ್ಕೆ ಒಂದು ಯೂನಿಟ್ ಹಿಡಿಯುವ ಲಿಥಿಯಂ ಸೆಲ್ಲಿನ ಒಟ್ಟು ಬೆಲೆ ಚೀನಾದಲ್ಲಿ ಸುಮಾರು 300 ಯುವಾನ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ತಾನಾಗಿ ತಿಳಿಯುತ್ತದೆ. ಸೋಡಿಯಂ ಪುಕ್ಕಟೆ ಸಿಕ್ಕರೂ ಅದರಿಂದ ಉಳಿಯುವುದು ನೂರಕ್ಕೆ ಹನ್ನೆರಡು. ತಾಮ್ರ ಬಿಟ್ಟದ್ದರಿಂದ ಇನ್ನಷ್ಟು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಉಳಿತಾಯದ ಗಂಟು ಅಷ್ಟೇ.

ಆ ಗಂಟನ್ನು ಕರಗಿಸುವವು ಯಾವುವು? ಮೊದಲನೆಯದು ಸೋಡಿಯಂನ ಭಾರೀ ಮೈ. ಕಬ್ಬಿಣ-ಫಾಸ್ಫೇಟಿನ ಲಿಥಿಯಂ ಸೆಲ್ಲು ಕಿಲೋಗೆ 160ರಿಂದ 190 ವ್ಯಾಟ್-ಗಂಟೆ ಹಿಡಿದರೆ ಸೋಡಿಯಂ ಸೆಲ್ಲುಗಳು ಸಾಮಾನ್ಯವಾಗಿ 100ರಿಂದ 160ರ ನಡುವೆ ಇವೆ. ಚೀನಾದ ಸಿಎಟಿಎಲ್ 2025ರಲ್ಲಿ 175 ಮುಟ್ಟಿದ್ದೇವೆ ಎಂದಿತು. ಅದು ವಾಹನಕ್ಕೆ ಮಾಡಿದ ಸೆಲ್ಲು. ನಿಂತಲ್ಲೇ ನಿಲ್ಲುವ ಬ್ಯಾಟರಿಗೆ ತೂಕದ ಹಂಗೇಕೆ ಎಂದು ಕೇಳಬಹುದು, ಬಹಳ ಜನ ಕೇಳಿದ್ದಾರೆ ಕೂಡ. ಹಂಗು ತೂಕದ್ದಲ್ಲ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಹಾಳೆ, ಹೆಚ್ಚು ಪರದೆ, ಹೆಚ್ಚು ದ್ರಾವಣ, ಹೆಚ್ಚು ಡಬ್ಬಿ, ಹೆಚ್ಚು ಕಂಟೇನರು, ಅದರಡಿಯಲ್ಲಿ ಹೆಚ್ಚು ಕಾಂಕ್ರೀಟು ಬೇಕು ಎಂಬುದೇ ತೊಡಕು. ಚೀನಾದ ಹುಬೆ ಪ್ರಾಂತದ ಚಿಯಾನ್‌ಜಿಯಾಂಗ್‌ನಲ್ಲಿ ದತಾಂಗ್ ಸಂಸ್ಥೆ ಕಟ್ಟಿದ ಸೋಡಿಯಂ ಸಂಗ್ರಹಾಗಾರ 2024ರ ಜೂನ್ ಕೊನೆಯಲ್ಲಿ ಜಾಲಕ್ಕೆ ಸೇರಿತು. ಮೊದಲ ಹಂತದಲ್ಲಿ 50 ಮೆಗಾವ್ಯಾಟನ್ನು ಎರಡು ಗಂಟೆ ಕಾಲ ಕೊಡಬಲ್ಲದು, ಅಂದರೆ ಒಂದು ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಮೂವತ್ತು ಸಾವಿರ ಮನೆಗಳಿಗೆ ಒಂದು ದಿನಕ್ಕೆ ಸಾಕಾಗುವಷ್ಟು. ಅಲ್ಲಿರುವ ಬ್ಯಾಟರಿ ಕಂಟೇನರುಗಳು 42. ಒಂದೊಂದರಲ್ಲಿ ಎರಡೂವರೆ ಸಾವಿರ ಯೂನಿಟ್ಟಿಗಿಂತ ತುಸು ಕಡಿಮೆ. ಅದೇ ಹೊತ್ತಿಗೆ ಲಿಥಿಯಂನವರು ಇಪ್ಪತ್ತು ಅಡಿಯ ಒಂದೇ ಕಂಟೇನರಿನಲ್ಲಿ ಐದು ಸಾವಿರ ಯೂನಿಟ್ ತುಂಬಿಸಿ ಮಾರುತ್ತಿದ್ದರು. ಇಪ್ಪತ್ತರಲ್ಲಿ ಮುಗಿಯುವ ಕೆಲಸ. ಸೋಡಿಯಂ ಸೆಲ್ಲುಗಳ ಮೊದಲ ತಲೆಮಾರು ಅದು, ಮುಂದೆ ಕಂಟೇನರಿನ ಸಂಖ್ಯೆ ಇಳಿಯುತ್ತದೆ. ಆದರೂ ಉಪ್ಪಿನಲ್ಲಿ ಉಳಿದ ದುಡ್ಡು ತಗಡಿನಲ್ಲಿ ಹೋಯಿತು ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಡ.

ಎರಡನೆಯದು ಹಾರ್ಡ್ ಕಾರ್ಬನ್. ಇಲ್ಲಿ ನಮ್ಮ ತೆಂಗಿನ ಸೀಮೆಯವರು ಕಿವಿ ನಿಮಿರಿಸಬಹುದು, ಏಕೆಂದರೆ ಒಳ್ಳೆಯ ಹಾರ್ಡ್ ಕಾರ್ಬನ್ನಿನ ಒಂದು ಮುಖ್ಯ ಮೂಲ ತೆಂಗಿನ ಕರಟ. ಕರಟ ಸುಟ್ಟ ಮಾತ್ರಕ್ಕೆ ಅದು ಬ್ಯಾಟರಿಗೆ ಒದಗುವುದಿಲ್ಲ. ಮೊದಲು ಇದ್ದಿಲು ಮಾಡಬೇಕು, ಆಗಲೇ ತೂಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಮೇಲೆ ಅದರಲ್ಲಿ ಉಳಿದ ಪೊಟ್ಯಾಸಿಯಂನಂಥ ಲವಣಗಳನ್ನು ಆಮ್ಲದಲ್ಲಿ ತೊಳೆದು ತೆಗೆಯಬೇಕು. ಕೊನೆಗೆ ಗಾಳಿಯಾಡದ ಕುಲುಮೆಯಲ್ಲಿ ಸಾವಿರದ ಇನ್ನೂರು, ಮುನ್ನೂರು ಡಿಗ್ರಿಗೆ ಕಾಯಿಸಬೇಕು. ಪ್ರತಿ ಯೂನಿಟ್ಟಿಗೆ ಒಂದೂಕಾಲು ಕಿಲೋ ಆದರೂ ಇಂಥ ಇಂಗಾಲ ಬೇಕು ಎಂದು ಹಿಡಿದರೆ ಚಿಯಾನ್‌ಜಿಯಾಂಗ್‌ನಂಥ ಒಂದು ಆಗಾರಕ್ಕೆ ನೂರಿಪ್ಪತ್ತೈದು ಟನ್. ಕರಟದ ಲೆಕ್ಕದಲ್ಲಿ ನಾಲ್ಕುನೂರು ಟನ್ನಿಗೆ ಕಡಿಮೆಯಿಲ್ಲ. ಅದೂ ಒಂದೂರಿನ ಕರಟ ಇನ್ನೊಂದೂರಿನದರ ಹಾಗಿರುವುದಿಲ್ಲ, ಕಾರ್ಖಾನೆಗೆ ಬೇಕಾದದ್ದು ಪ್ರತಿ ಚೀಲದಲ್ಲೂ ಒಂದೇ ಗುಣ. ಈ ರಗಳೆಗೇ ಚೀನಾದ ಹಿನಾ ಬ್ಯಾಟರಿಯವರು ಕರಟ ಬಿಟ್ಟು ಆಂತ್ರಸೈಟ್ ಕಲ್ಲಿದ್ದಲಿನಿಂದ ಋಣಧ್ರುವ ಮಾಡುವ ದಾರಿ ಹಿಡಿದರು. ಇದಲ್ಲದೆ, ಮೊದಲ ಚಾರ್ಜಿನಲ್ಲಿ ಒಳಗೆ ಹೋದ ಸೋಡಿಯಂನಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಹಾರ್ಡ್ ಕಾರ್ಬನ್ನಿನಲ್ಲೇ ಸಿಕ್ಕಿಬಿದ್ದು ಮರಳಿ ಬರುವುದಿಲ್ಲ. ಆ ನಷ್ಟಕ್ಕೆಂದೇ ಧನಧ್ರುವದಲ್ಲಿ ಹೆಚ್ಚು ಸಾಮಗ್ರಿ ತುಂಬಬೇಕು.

ಇಷ್ಟರಿಂದ ಸೋಡಿಯಂನ ಕತೆ ಮುಗಿಯಿತು ಎಂದೇನೂ ಅಲ್ಲ. ಲಿಥಿಯಂ ಬೆಲೆ ಬಿದ್ದಿದ್ದು ಮತ್ತೆ ಏರದೆ ಇರುತ್ತದೆಯೆ ಎಂಬುದು ನ್ಯಾಯವಾದ ಪ್ರಶ್ನೆ. ಏರುತ್ತದೆ. 2025ರ ನಡುವಿನ ತಳದಿಂದ ಅದು ಮೇಲೇಳತೊಡಗಿತು ಕೂಡ. ಆದರೆ ಈ ಆಟದಲ್ಲಿ ಸೋಡಿಯಂಗೆ ಒಂದು ವಿಚಿತ್ರ ಪಾಡಿದೆ. ಲಿಥಿಯಂ ತುಟ್ಟಿಯಾದಾಗ ಸೋಡಿಯಂ ಕಾರ್ಖಾನೆಗೆ ಬಂಡವಾಳ ಹರಿಯುತ್ತದೆ. ಕಾರ್ಖಾನೆ ಎದ್ದು ನಿಲ್ಲಲು ಎರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಲಿಥಿಯಂ ಅಗ್ಗವಾಗಿರುತ್ತದೆ. ಅಮೆರಿಕದ ಬೆಡ್ರಾಕ್ ಮೆಟೀರಿಯಲ್ಸ್ 2025ರಲ್ಲಿ ಬಾಗಿಲು ಹಾಕಿದ್ದು ಲಿಥಿಯಂ ಕುಸಿದ ಮೇಲೆ ತಮ್ಮ ಲೆಕ್ಕ ಕೂಡುವುದಿಲ್ಲ ಎಂದು ಕಂಡುಕೊಂಡೇ. ಅದೇ ವರ್ಷ ಮಿಷಿಗನ್ನಿನಲ್ಲಿ ಕಾರ್ಖಾನೆ ಇದ್ದ ನೇಟ್ರಾನ್ ಕೂಡ ಹಣ ಹುಟ್ಟದೆ ಮುಚ್ಚಿತು. ಬೆಲೆಯೊಂದನ್ನೇ ನೆಚ್ಚಿದ ಸೋಡಿಯಂ ಉದ್ಯಮ ಎದುರಾಳಿಯ ಮಾರುಕಟ್ಟೆ ಕುಣಿಸಿದಂತೆ ಕುಣಿಯಬೇಕು. ನೆಚ್ಚಲು ಬೇರೆ ಗುಣವೇ ಬೇಕು. ಅಂಥದೊಂದು ಗುಣ ಚಳಿಯಲ್ಲಿ ಕಾಣುತ್ತದೆ.

ಅಯಾನು ದ್ರಾವಣದಲ್ಲಿ ಒಂಟಿಯಾಗಿ ಅಲೆಯುವುದಿಲ್ಲ, ದ್ರಾವಕದ ಅಣುಗಳನ್ನು ಕಂಬಳಿಯ ಹಾಗೆ ಹೊದ್ದುಕೊಂಡಿರುತ್ತದೆ. ಧ್ರುವದೊಳಗೆ ಹೋಗುವ ಮುನ್ನ ಆ ಕಂಬಳಿಯನ್ನು ಬಾಗಿಲಲ್ಲೇ ಕಳಚಬೇಕು. ಲಿಥಿಯಂ ಚಿಕ್ಕದು, ಅದರ ವಿದ್ಯುದಾವೇಶ ಕಿರಿದಾದ ಜಾಗದಲ್ಲಿ ಒತ್ತಾಗಿ ಕೂತಿದೆ, ಹಾಗಾಗಿ ಕಂಬಳಿಯನ್ನು ಬಿಗಿಯಾಗಿ ಹಿಡಿಯುತ್ತದೆ. ದೊಡ್ಡ ಸೋಡಿಯಂನ ಹಿಡಿತ ಸಡಿಲ. ಬೇಸಿಗೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೊನ್ನೆಗಿಂತ ಕೆಳಗೆ ಹೋದಂತೆ ಕಂಬಳಿ ಕಳಚುವ ಕೆಲಸವೇ ಎಲ್ಲಕ್ಕಿಂತ ನಿಧಾನವಾಗುತ್ತದೆ, ಆಗ ಸೋಡಿಯಂ ಮುಂದಾಗುತ್ತದೆ. ಲಿಥಿಯಂಗೆ ಇನ್ನೊಂದು ಕಂಟಕವೂ ಇದೆ. ಚಳಿಯಲ್ಲಿ ಚಾರ್ಜ್ ಮಾಡಿದರೆ ಗ್ರಾಫೈಟಿನೊಳಗೆ ಹೋಗಲಾರದ ಲಿಥಿಯಂ ಹೊರಮೈ ಮೇಲೆ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡದ್ದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬಾರದು, ಅದು ಮುಳ್ಳಿನಂತೆ ಬೆಳೆದು ಪರದೆ ಚುಚ್ಚಿದರೆ ಒಳಗೇ ಶಾರ್ಟ್ ಆಗುತ್ತದೆ. ಅದಕ್ಕೇ ಕಬ್ಬಿಣ-ಫಾಸ್ಫೇಟ್ ಸೆಲ್ಲುಗಳ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಬೇರೆ ಗಡಿಗಳಿರುತ್ತವೆ: ವಿದ್ಯುತ್ ತೆಗೆಯಲು ಮೈನಸ್ 20 ಡಿಗ್ರಿವರೆಗೆ ಅಡ್ಡಿಯಿಲ್ಲ, ಚಾರ್ಜ್ ಮಾಡಲು ಸೊನ್ನೆಯೇ ಕೊನೆ.

ಸಿಎಟಿಎಲ್ ತನ್ನ ಸೋಡಿಯಂ ಸೆಲ್ಲು ಮೈನಸ್ 40ರಲ್ಲೂ ನೂರಕ್ಕೆ 90 ಪಾಲು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ ಎಂದು ಹೇಳಿಕೊಂಡಿದೆ. ಇಂಥ ಮಾತು ಕೇಳಿದಾಗ ಸುಳ್ಳು ಎನ್ನಬೇಕಾಗಿಲ್ಲ, ಆದರೆ ಒಂದೆರಡು ವಿಷಯ ವಿಚಾರಿಸಬೇಕು. ಸೆಲ್ಲನ್ನು ಚಾರ್ಜ್ ಮಾಡಿದ್ದು ಬೆಚ್ಚಗಿನ ಕೋಣೆಯಲ್ಲೋ, ಆ ಚಳಿಯಲ್ಲೇ ನಿಂತೋ? ವಿದ್ಯುತ್ ತೆಗೆದದ್ದು ಎಷ್ಟು ಗಂಟೆಗಳಲ್ಲಿ? ಅಳೆದದ್ದು ಆಂಪಿಯರ್-ಗಂಟೆಯನ್ನೋ, ವ್ಯಾಟ್-ಗಂಟೆಯನ್ನೋ? ಚಳಿಯಲ್ಲಿ ವೋಲ್ಟೇಜೂ ಕುಸಿಯುವುದರಿಂದ ಆಂಪಿಯರ್ ಲೆಕ್ಕದಲ್ಲಿ 90 ಉಳಿದದ್ದು ನಿಜವಾದ ಶಕ್ತಿಯ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆಯಾಗುತ್ತದೆ. ಹಾರ್ಡ್ ಕಾರ್ಬನ್ ಕೂಡ ತುಂಬುತ್ತ ಬಂದಂತೆ ಸೋಡಿಯಂ ಲೋಹದ ವೋಲ್ಟೇಜಿಗೆ ತೀರ ಹತ್ತಿರ ಬರುತ್ತದೆ, ಆದ್ದರಿಂದ ಕಡುಚಳಿಯಲ್ಲಿ ಅವಸರವಾಗಿ ಚಾರ್ಜ್ ಮಾಡಿದರೆ ಸೋಡಿಯಂ ಸಹ ಲೋಹವಾಗಿ ಕಟ್ಟಿಕೊಳ್ಳುವ ಭಯ ತಪ್ಪಿದ್ದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ 2025ರಲ್ಲಿ ಹಾರ್ಡ್ ಕಾರ್ಬನ್ನನ್ನೇ ಬಿಟ್ಟು, ನಯೋಬಿಯಂ ಇರುವ ಫಾಸ್ಫೇಟೊಂದನ್ನು ಋಣಧ್ರುವವಾಗಿಸಿ ಆರು ನಿಮಿಷದಲ್ಲಿ ನೂರಕ್ಕೆ 80 ಚಾರ್ಜ್ ಆಗುವ ಸೋಡಿಯಂ ಬ್ಯಾಟರಿ ತೋರಿಸಿತು. ಚೆಂದದ ರಸಾಯನ ಅದು. ಆದರೆ ಎರಡು ಗಂಟೆ, ನಾಲ್ಕು ಗಂಟೆ ತೆಗೆದುಕೊಂಡು ತುಂಬುವ ಜಾಲದ ಬ್ಯಾಟರಿಗೆ ಆ ವೇಗ ಬೇಕಾಗಿಲ್ಲ, ನಯೋಬಿಯಂನ ಖರ್ಚೂ ಬೇಡ.

ಜಾಲದ ಸಂಗ್ರಹಕ್ಕೆ ಚಳಿಯ ಗುಣ ನಿಜವಾಗಿ ಒದಗುವ ಜಾಗ ನಮ್ಮ ದೇಶದಲ್ಲಿ ಲಡಾಖ್. ಅಲ್ಲಿಂದ ಹರಿಯಾಣದ ಕೈಥಲ್‌ವರೆಗೆ ತಂತಿ ಎಳೆದು 13 ಗಿಗಾವ್ಯಾಟ್ ಸೌರ ಮತ್ತು ಗಾಳಿ ವಿದ್ಯುತ್ತನ್ನು, ಜೊತೆಗೆ 12 ಗಿಗಾವ್ಯಾಟ್-ಗಂಟೆಯ ಬ್ಯಾಟರಿಯನ್ನು ಕೂಡಿಸುವ ಯೋಜನೆಗೆ ಕೇಂದ್ರ ಸಂಪುಟ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಎತ್ತರದ ಬಯಲಿನಲ್ಲಿ ಜನವರಿಯ ರಾತ್ರಿ ಲಿಥಿಯಂ ಕಂಟೇನರನ್ನು ಬೆಚ್ಚಗಿಡಲು ಅದರದ್ದೇ ವಿದ್ಯುತ್ತನ್ನು ಹೀಟರಿಗೆ ಸುಡಬೇಕು, ಇಲ್ಲದಿದ್ದರೆ ಬೆಳಗ್ಗೆ ಬಿಸಿಲೇರಿದರೂ ಚಾರ್ಜ್ ಮಾಡುವಂತಿಲ್ಲ. ಸೋಡಿಯಂಗೆ ಆ ಹೀಟರಿನ ಹೊರೆ ಹಗುರ. ಆದರೆ ಕರ್ನಾಟಕದ ಮಟ್ಟಿಗೆ ಈ ಮಾತಿಗೆ ಅರ್ಥವಿಲ್ಲ. ಬೀದರಿನ ಡಿಸೆಂಬರ್ ಬೆಳಗು ಜನಕ್ಕೆ ಚಳಿ, ಬ್ಯಾಟರಿಗೆ ಹಿತ. ನಮ್ಮದು ಸೆಕೆಯ ಸಮಸ್ಯೆ.

ಸೆಕೆಗೆ ಹೋಗುವ ಮುನ್ನ ವೋಲ್ಟೇಜಿನ ತೊಡಕೊಂದನ್ನು ಹೇಳಬೇಕು, ಎಂಜಿನಿಯರುಗಳು ಸೋಡಿಯಂ ಬಗ್ಗೆ ಗೊಣಗುವುದು ಹೆಚ್ಚಾಗಿ ಇದಕ್ಕೇ. ಕಬ್ಬಿಣ-ಫಾಸ್ಫೇಟ್ ಲಿಥಿಯಂ ಸೆಲ್ಲು ಅಡುಗೆ ಅನಿಲದ ಸಿಲಿಂಡರಿನ ಹಾಗೆ. ಮುಗಿಯುವ ತನಕ ಒತ್ತಡ ಹೆಚ್ಚುಕಡಿಮೆ ಒಂದೇ, ಉಳಿದಿರುವುದೆಷ್ಟು ಎಂದು ಜ್ವಾಲೆ ನೋಡಿ ಹೇಳಲಾಗದು. ಸೋಡಿಯಂ ಸೆಲ್ಲು ಮಹಡಿ ಮೇಲಿನ ನೀರಿನ ಟ್ಯಾಂಕಿನ ಹಾಗೆ, ಮಟ್ಟ ಇಳಿದಂತೆ ನಲ್ಲಿಯ ರಭಸವೂ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ಅಳೆಯಲು ಇದು ವರವೇ ಸರಿ. ಆದರೆ ವೋಲ್ಟೇಜ್ ತುಂಬಿದಾಗ 4, ಬರಿದಾದಾಗ 1.5 ಎಂದರೆ ಇನ್ವರ್ಟರಿನ ಗತಿಯೇನು? 1500 ವೋಲ್ಟಿಗೆ ಬರುವಂತೆ 375 ಸೋಡಿಯಂ ಸೆಲ್ಲುಗಳನ್ನು ಸಾಲಾಗಿ ಕಟ್ಟಿದರೆ ಕೊನೆಯಲ್ಲಿ ಉಳಿಯುವುದು 560 ವೋಲ್ಟ್. ಲಿಥಿಯಂ ಸಾಲು 1500ರಿಂದ ಹೊರಟು ಸಾವಿರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ವೋಲ್ಟೇಜ್ ಹೀಗೆ ಎಂಟರಲ್ಲಿ ಮೂರು ಪಾಲಿಗೆ ಬಿದ್ದರೆ ಅಷ್ಟೇ ವಿದ್ಯುತ್ ಕೊಡಲು ಕರೆಂಟು ಎರಡೂವರೆ ಪಟ್ಟಿಗೂ ಮೇಲೆ ಹರಿಯಬೇಕು, ಕೇಬಲ್ಲು ದಪ್ಪವಾಗಬೇಕು, ಬಿಸಿಯಾಗಿ ಪೋಲಾಗುವುದೂ ಹೆಚ್ಚುತ್ತದೆ. ಲಿಥಿಯಂಗೆಂದು ಮಾಡಿದ ಇನ್ವರ್ಟರನ್ನೇ ಹಾಕಿದರೆ ಟ್ಯಾಂಕಿನ ತಳದ ನೀರನ್ನು ಬಿಟ್ಟುಬಿಡಬೇಕು. ಕಬ್ಬಿಣ ಮತ್ತು ಫಾಸ್ಫೇಟಿನಿಂದಲೇ ಮಾಡಿದ ಸೋಡಿಯಂ ಸೆಲ್ಲುಗಳಲ್ಲಿ ಈ ಇಳಿಜಾರು ತುಸು ಕಡಿಮೆ, ಸಾಮರ್ಥ್ಯವೂ ಕಡಿಮೆ. ಜಾಲದ ಕೆಲಸಕ್ಕೆ ಈಗ ಒಲವು ಹೆಚ್ಚುತ್ತಿರುವುದು ಅವುಗಳ ಕಡೆಗೇ, ಏಕೆಂದರೆ ಅವು ಬಾಳಿಕೆ ಬರುತ್ತವೆ ಮತ್ತು ಶಾಖಕ್ಕೆ ಸುಲಭವಾಗಿ ಬೆದರುವುದಿಲ್ಲ. ಸೋಡಿಯಂ ಬ್ಯಾಟರಿಗೆ ಬೆಂಕಿಯೇ ಹತ್ತದು ಎಂಬ ಪ್ರಚಾರವನ್ನು ಮಾತ್ರ ನಂಬಬಾರದು. ದ್ರಾವಣ ಇದರಲ್ಲೂ ಉರಿಯುವಂಥದೇ. ಧನಧ್ರುವ ಯಾವುದು ಎಂಬುದರ ಮೇಲೆ ಅಪಾಯ ಹೆಚ್ಚುಕಡಿಮೆಯಾಗುತ್ತದೆ, ಅಷ್ಟೆ.

ಈಗ ಸೆಕೆ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಸವೆಯುತ್ತದೆ. ಹತ್ತು ಡಿಗ್ರಿ ಏರಿದರೆ ಸವಕಳಿ ಸುಮಾರು ಇಮ್ಮಡಿ ಎಂಬುದು ಕಾರ್ಖಾನೆಯವರ ಒರಟು ಲೆಕ್ಕ. ಅದಕ್ಕಾಗಿ ಪ್ರತಿ ಕಂಟೇನರಿಗೂ ಒಂದು ಚಿಲ್ಲರ್, ಸೆಲ್ಲುಗಳ ಅಡಿಯಲ್ಲಿ ತಣ್ಣನೆಯ ದ್ರವ ಹರಿಯುವ ಕೊಳವೆಗಳು, ಪಂಪು, ಫ್ಯಾನು. ಮೂಗಿಗಿಂತ ಮೂಗುತಿ ಭಾರ ಎನ್ನುವಷ್ಟಲ್ಲದಿದ್ದರೂ ಭಾರವೇ. ಜೊತೆಗೆ ಓಡಾಡುವ ಭಾಗಗಳಾದ್ದರಿಂದ ಮೊದಲು ಕೆಡುವುದೂ ಅವೇ. ಅಮೆರಿಕದ ಪೀಕ್ ಎನರ್ಜಿ ಎಂಬ ಸಂಸ್ಥೆ 2025ರಲ್ಲಿ ಕೊಲರಾಡೊದಲ್ಲಿ ನಿಲ್ಲಿಸಿದ ಕಬ್ಬಿಣ-ಫಾಸ್ಫೇಟಿನ ಸೋಡಿಯಂ ಸಂಗ್ರಹಾಗಾರದಲ್ಲಿ ಇಂಥ ತಂಪು ಯಂತ್ರಗಳನ್ನೇ ತೆಗೆದುಹಾಕಿದೆ. ಸೆಲ್ಲು ದುಬಾರಿಯಾದರೂ ಇಡೀ ವ್ಯವಸ್ಥೆ ಅಗ್ಗವಾಗಬಹುದು ಎಂಬುದು ಅವರ ಪಣ. ಸೋಡಿಯಂ ಪರವಾಗಿ ನನಗೆ ಒಪ್ಪಿಗೆಯಾಗುವ ವಾದ ಇದೊಂದೇ.

ಒಪ್ಪಿಗೆಯಾದ ಮೇಲೂ ಲೆಕ್ಕ ಹಾಕಿ ನೋಡಬೇಕು. ಪಾವಗಡದ ಸೌರ ಉದ್ಯಾನದಂಥ ಬಿಸಿಲ ಬಯಲಿನಲ್ಲಿ ದಿನಕ್ಕೊಮ್ಮೆ ತುಂಬಿ, ಸಂಜೆ ಬರಿದಾಗುವ ಒಂದು ಲಕ್ಷ ಯೂನಿಟ್ಟಿನ ಆಗಾರ ಇದೆ ಎಂದುಕೊಳ್ಳಿ. ಲಿಥಿಯಂ ಆದರೆ ಇಪ್ಪತ್ತು ಕಂಟೇನರು. ಸೋಡಿಯಂ ತನ್ನ ಇಳಿಜಾರು ವೋಲ್ಟೇಜಿನಿಂದಾಗಿ ಹೋಗುತ್ತ ಬರುತ್ತ ನೂರಕ್ಕೆ ಮೂರು ಪಾಲು ಹೆಚ್ಚು ಪೋಲು ಮಾಡುತ್ತದೆ ಎಂದು ಹಿಡಿಯೋಣ. ದಿನಕ್ಕೆ ಮೂರು ಸಾವಿರ ಯೂನಿಟ್ ನಷ್ಟ. ಅತ್ತ ಲಿಥಿಯಂನ ಇಪ್ಪತ್ತು ಚಿಲ್ಲರುಗಳು ಹಗಲುರಾತ್ರಿ ಸರಾಸರಿ ಆರೂಕಾಲು ಕಿಲೋವ್ಯಾಟ್ ಎಳೆದರೆ ಅದೂ ಮೂರು ಸಾವಿರ ಯೂನಿಟ್. ತಕ್ಕಡಿ ಸಮ. ಚಿಲ್ಲರಿನ ಸರಾಸರಿ ಅದಕ್ಕಿಂತ ಮೇಲೆ ಹೋದರೆ ಸೋಡಿಯಂ ಗೆದ್ದಿತು, ಕೆಳಗಿದ್ದರೆ ಲಿಥಿಯಂ. ತುಮಕೂರು ಜಿಲ್ಲೆಯ ಏಪ್ರಿಲ್ ಮಧ್ಯಾಹ್ನಕ್ಕೂ ಜುಲೈ ರಾತ್ರಿಗೂ ಇದರಲ್ಲಿ ಬಹಳ ಅಂತರವಿರುತ್ತದೆ, ಆದ್ದರಿಂದ ವರ್ಷವಿಡೀ ಅಳೆಯದೆ ತೀರ್ಪು ಹೇಳಲಾಗದು. ಮೊದಲೇ ಹೇಳಿದ ಹೆಚ್ಚುವರಿ ಕಂಟೇನರುಗಳ ಖರ್ಚು ಒಂದು ತಟ್ಟೆಗೆ, ಚಿಲ್ಲರ್ ಕೊಳ್ಳುವ, ರಿಪೇರಿ ಮಾಡಿಸುವ ಖರ್ಚು ಇನ್ನೊಂದು ತಟ್ಟೆಗೆ ಬೀಳಬೇಕು. ಸೆಲ್ಲಿನ ಬೆಲೆಪಟ್ಟಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಇಂಥ ಆಗಾರದಲ್ಲಿ ಎರಡು ಮೀಟರುಗಳಿರಬೇಕು. ಒಂದು, ಜಾಲಕ್ಕೆ ಹೋಗುವ ವಿದ್ಯುತ್ತಿಗೆ. ಇನ್ನೊಂದು, ಆಗಾರ ತನ್ನ ಫ್ಯಾನು, ಪಂಪು, ಚಿಲ್ಲರುಗಳಿಗೆ ತಾನೇ ಬಳಸುವುದಕ್ಕೆ. ಟೆಂಡರು ಕರೆಯುವವರು ಬೆಲೆ ಕೇಳುವಾಗ ಮೊದಲ ಮೀಟರಿನಿಂದ ಎರಡನೆಯದನ್ನು ಕಳೆದು, ಉಳಿದ ಯೂನಿಟ್ಟಿಗೆ ಇಷ್ಟು ಎಂದು ಕೇಳಿದರೆ ಸಾಕು. ಉಪ್ಪಿನ ಚಿತ್ರ ಹಾಕಿದವರೂ ಹಾಕದವರೂ ಆಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.